64 ಚೀಲ ಅಂತ ಬರೆದಿದ್ದೆ, ನಮ್ಮದು 23 ಮಾತ್ರ: ಅಂಗಡಿ ಬಿಡುವಾಗ ನಾನು ಕಳಿಸಿದ ಒಂದು ಇಮೇಲಿನ ಕಥೆ

ಬದಿಯಡ್ಕದ ಒಂದು ಕೃಷಿ ಸಾಮಗ್ರಿ ಅಂಗಡಿಯಲ್ಲಿ ನಾನು ಹನ್ನೊಂದು ವರ್ಷ ಮ್ಯಾನೇಜರ್ ಆಗಿದ್ದೆ. ಗೊಬ್ಬರ, ಮೈಲುತುತ್ತು, ಸುಣ್ಣ, ಸ್ಪ್ರೇ ಪಂಪು, ಪೈಪು, ಕೀಟನಾಶಕ ಇಷ್ಟು ನಮ್ಮ ವ್ಯಾಪಾರ. ಕೆಲವು ವರ್ಷ ಹಿಂದೆ ಮನೆಯ ಕಾರಣಕ್ಕೆ ಪುತ್ತೂರಿನ ಕಡೆ ಹೋಗಬೇಕಾಯಿತು. ಧಣಿಗಳು ಒಪ್ಪಿದರು, ನನ್ನ ಜಾಗಕ್ಕೆ ಮಂಜೇಶ್ವರ ಕಡೆಯ ಒಬ್ಬ ಹುಡುಗನನ್ನು ತಂದರು. ಉಪ್ಪಳದಲ್ಲಿ ಹಾರ್ಡ್‌ವೇರ್ ಅಂಗಡಿ ನೋಡಿಕೊಂಡಿದ್ದವನು, ಲೆಕ್ಕದಲ್ಲಿ ಚುರುಕು, ಕೈ ಶುದ್ಧ. ಆದರೆ ಅಡಿಕೆ ತೋಟದ ವ್ಯಾಪಾರ ಅವನಿಗೆ ಹೊಸತು, ಬದಿಯಡ್ಕದ ಮನೆಗಳೂ ಹೊಸತು.

ನಾನು ಬಿಟ್ಟದ್ದು ಮೇ 20ಕ್ಕೆ. ಅಡಿಕೆ ಊರಿನವರಿಗೆ ಈ ತಾರೀಕು ಹೇಳಿದರೆ ಸಾಕು, ಮುಂದಿನದ್ದು ಅರ್ಥವಾಗುತ್ತದೆ. ತುಳುವರು ಮಳೆಗಾಲದ ಗಡಿ ಅಂತ ಎಣಿಸುವ ಪತ್ತನಾಜೆಗೆ ನಾಲ್ಕು ದಿನ, ಮಳೆಗಾಲ ಶುರುವಾಗಲು ಹತ್ತು ಹನ್ನೆರಡು ದಿನ. ಅಡಿಕೆ ಕೊಳೆತು ಉದುರುವ ಕೊಳೆರೋಗ ಬಾರದಂತೆ ಮೈಲುತುತ್ತು, ಸುಣ್ಣದ ಮೊದಲ ಮದ್ದು ಬಿಡುವುದು ಇದೇ ಹೊತ್ತಿಗೆ, ಮಳೆ ಹಿಡಿಯುವ ಮೊದಲು. ಎರಡನೆಯದು ಅದಾಗಿ 40-45 ದಿನಕ್ಕೆ. ನಮ್ಮ ಅಂಗಡಿಯ ಇಡೀ ವರ್ಷದ ಮೈಲುತುತ್ತಿನಲ್ಲಿ ಅರ್ಧಕ್ಕಿಂತ ಜಾಸ್ತಿ ಈ ಮೂರು ವಾರದಲ್ಲೇ ಹೋಗುವುದು. ಅಂಥ ಹೊತ್ತಿನಲ್ಲಿ ಅಂಗಡಿ ಕೈ ಬದಲಾಯಿತು.

19ರ ರಾತ್ರಿ ಹನ್ನೊಂದು ಗಂಟೆಗೆ ಕೂತು ನಾನು ಅವನಿಗೆ ಇಮೇಲ್ ಬರೆದೆ, ಧಣಿಗಳಿಗೂ ಒಂದು ಪ್ರತಿ ಹಾಕಿದೆ. ಮುಖ್ಯ ಭಾಗ ಹೀಗಿತ್ತು:

> ನಮಸ್ತೆ ತಮ್ಮಾ,
> ನಾಳೆಯಿಂದ ಅಂಗಡಿ ನಿನ್ನ ಕೈಯಲ್ಲಿ. ಪಟ್ಟಿ ಕೆಳಗೆ ಇದೆ.
>
> ಸ್ಟಾಕ್: ಮೈಲುತುತ್ತು (25 ಕೆಜಿ) 64 ಚೀಲ. ಸುಣ್ಣ 38 ಚೀಲ. ಯೂರಿಯಾ 31. ಪೊಟ್ಯಾಶ್ 22. ಉಳಿದದ್ದು ಸ್ಟಾಕ್ ಪುಸ್ತಕದಲ್ಲಿ ಇದ್ದಂತೆ.
>
> ಬೀಗದ ಕೈ: ಒಟ್ಟು 7. ಷಟರಿಗೆ 2, ಗೋಡೌನಿಗೆ 1, ಕ್ಯಾಶ್ ಮೇಜಿಗೆ 1, ವಿಷದ ಕಪಾಟಿಗೆ 1, ಹಿಂದಿನ ಬಾಗಿಲಿಗೆ 1, ಮೀಟರ್ ಪೆಟ್ಟಿಗೆಗೆ 1. ಎಲ್ಲಾ ಒಂದೇ ಗೊಂಚಲಿನಲ್ಲಿ ಇದೆ.
>
> ಬಾಕಿ ಆರ್ಡರ್: ಮೈಲುತುತ್ತಿಗೆ ಮುಂಗಡ ಕೊಟ್ಟವರು 9 ಜನ, ಹೆಸರು ಆರ್ಡರ್ ಪುಸ್ತಕದಲ್ಲಿ ಇದೆ. ಯೂರಿಯಾ 120 ಚೀಲ 26ಕ್ಕೆ ಬರಬಹುದು.
>
> ಏನಾದರೂ ಗೊತ್ತಾಗದಿದ್ದರೆ ಫೋನ್ ಮಾಡು.

ಇದರಲ್ಲಿ ಒಂದೂ ಸುಳ್ಳಿಲ್ಲ. 64 ಅಂದರೆ 64 ಇತ್ತು, ನಾನೇ ಎಣಿಸಿದ್ದು. ಕೀಲಿ ಏಳೂ ಇದ್ದವು. ಒಂಬತ್ತು ಜನರ ಹೆಸರೂ ಪುಸ್ತಕದಲ್ಲಿ ಇತ್ತು. ಹಾಗಿದ್ದೂ ಹನ್ನೊಂದು ದಿನದಲ್ಲಿ ಅಂಗಡಿಗೆ ಸಾವಿರಗಟ್ಟಲೆ ನಷ್ಟ ಆಯಿತು, ವರ್ಷಗಟ್ಟಲೆ ನಮ್ಮಲ್ಲೇ ಬರುತ್ತಿದ್ದ ಗಿರಾಕಿಗಳ ಮುಂದೆ ಆ ಹುಡುಗ ತಲೆ ತಗ್ಗಿಸಬೇಕಾಯಿತು. ತಪ್ಪು ಅವನದ್ದಲ್ಲ, ನನ್ನ ಇಮೇಲಿನದ್ದು. ಇದನ್ನು ಬರೆಯುತ್ತಿರುವುದೇ ಅದಕ್ಕೆ. ಪಟ್ಟಿಯಲ್ಲಿ ಏನು ಬಿಟ್ಟುಹೋಗಿತ್ತು ಅಂತ ನೋಡಿದರೆ ಯಾವ ವಸ್ತುವೂ ಬಿಟ್ಟುಹೋಗಿರಲಿಲ್ಲ. ಮೂರು ಪಟ್ಟಿಗಳು ಒಂದಕ್ಕೊಂದು ತಾಗುವ ಜಾಗ ಬಿಟ್ಟುಹೋಗಿತ್ತು.

ದುಡ್ಡು ಕೊಟ್ಟು ಅಂಗಡಿಯಲ್ಲೇ ಬಿಟ್ಟ ಚೀಲಗಳು

ಮೊದಲು ಇಲ್ಲಿಯ ಪದ್ಧತಿ ಹೇಳಬೇಕು. ಮೈಲುತುತ್ತಿನ ದರ ಏಪ್ರಿಲ್‌ನಲ್ಲಿ ಒಂದಿದ್ದರೆ ಮೇ ಕೊನೆಗೆ ಇನ್ನೊಂದು ಆಗುವುದು ಉಂಟು. ಹಾಗಾಗಿ ಕೆಲವರು ವಿಷು ಕಳೆದ ಕೂಡಲೇ ಬಂದು ಪೂರ್ತಿ ದುಡ್ಡು ಕಟ್ಟಿ ದರ ಗಟ್ಟಿ ಮಾಡಿಕೊಳ್ಳುತ್ತಾರೆ. ಆದರೆ ಚೀಲ ಮನೆಗೆ ಒಯ್ಯುವುದಿಲ್ಲ. ಮನೆಯಲ್ಲಿ ಮಕ್ಕಳು, ದನ, ಇಡಲು ಜಾಗ ಇಲ್ಲ. ಅದಕ್ಕಿಂತ ದೊಡ್ಡ ಕಾರಣ, ಮದ್ದು ಬಿಡುವವರು ಯಾವತ್ತು ಬರುತ್ತಾರೆ ಅಂತ ಅವರಿಗೇ ಗೊತ್ತಿರುವುದಿಲ್ಲ. ಮರ ಹತ್ತುವವರು ಈಗ ಎಷ್ಟು ಕಡಿಮೆ ಅಂದರೆ ಅವರು ಹೇಳಿದ ದಿನವೇ ತೋಟದವನ ದಿನ. ನಾಳೆ ಬರುತ್ತೇನೆ ಅಂತ ಫೋನ್ ಬಂದ ಮೇಲೆ ತೋಟದವರು ಜೀಪು ಅಥವಾ ಆಟೋ ತಂದು ಚೀಲ ಒಯ್ಯುತ್ತಾರೆ.

ಅಂದರೆ ನಮ್ಮ ಗೋಡೌನಿನಲ್ಲಿ ಇರುವ ಚೀಲದಲ್ಲಿ ಒಂದು ಭಾಗ ನಮ್ಮದೇ ಅಲ್ಲ. ಅವರದ್ದು, ನಾವು ಕಾಯುತ್ತಾ ಇರುವುದು ಅಷ್ಟೆ.

ಆ ಒಂಬತ್ತು ಜನರಲ್ಲಿ ಆರು ಮಂದಿ ಪೂರ್ತಿ ದುಡ್ಡು ಕಟ್ಟಿದ್ದು 29 ಚೀಲಕ್ಕೆ. ಮೂವರು ಸ್ವಲ್ಪ ಸ್ವಲ್ಪ ಮುಂಗಡ ಕೊಟ್ಟದ್ದು 12 ಚೀಲಕ್ಕೆ. ಒಟ್ಟು 41. ಅರುವತ್ತನಾಲ್ಕರಲ್ಲಿ ನಲುವತ್ತೊಂದು ಹೋದರೆ ಮಾರಲಿಕ್ಕೆ ಉಳಿಯುವುದು 23. ನನ್ನ ತಲೆಯಲ್ಲಿ ಈ ಲೆಕ್ಕ ಇತ್ತು. ಯಾರಾದರೂ ಬಂದು ಮೂವತ್ತು ಚೀಲ ಕೇಳಿದ್ದರೆ ನಾನು ಇಲ್ಲ ಅನ್ನುತ್ತಿದ್ದೆ, ಯೋಚನೆ ಮಾಡದೆ ಬಾಯಲ್ಲಿ ಬರುತ್ತಿತ್ತು. ಆದರೆ ಇಮೇಲಿನಲ್ಲಿ ನಾನು ಬರೆದದ್ದು "9 ಜನ". ಜನರನ್ನು ಎಣಿಸಿ ಬರೆದೆ, ಚೀಲವನ್ನು ಎಣಿಸಿ ಬರೆಯಲಿಲ್ಲ. ಒಂಬತ್ತು ಜನ ಅಂದರೆ ಹೊಸಬನಿಗೆ ಏನು ಅನಿಸುತ್ತದೆ? ತಲೆಗೆ ಒಂದೋ ಎರಡೋ ಚೀಲ, ಹೆಚ್ಚೆಂದರೆ ಇಪ್ಪತ್ತು ಅಂತ ಅನಿಸುತ್ತದೆ ಅಲ್ವಾ? ಅವನಿಗೂ ಹಾಗೇ ಅನಿಸಿತು.

ಆರ್ಡರ್ ಪುಸ್ತಕ ನೋಡಬಹುದಿತ್ತಲ್ಲ ಅಂತ ಕೇಳಬಹುದು. ನೋಡಿದ್ದಾನೆ. ಆದರೆ ಆ ಪುಸ್ತಕ ನಾನು ಬರೆದದ್ದು, ನನಗೆ ಮಾತ್ರ ಅರ್ಥವಾಗುವ ಹಾಗೆ. ದುಡ್ಡು ಬಂದ ತಾರೀಕಿನ ಪ್ರಕಾರ ಮೂರು ಪುಟದಲ್ಲಿ ಹರಡಿಕೊಂಡಿತ್ತು, ನಡುವೆ ಪೈಪಿನ ಆರ್ಡರು, ಪಂಪು ರಿಪೇರಿ ಎಲ್ಲಾ ಬೆರೆತಿತ್ತು. ಒಟ್ಟು ಎಲ್ಲೂ ಕೂಡಿಸಿರಲಿಲ್ಲ. ಹೆಸರಿನ ಜಾಗದಲ್ಲಿ "ಮೇಲಿನ ಮನೆ 6" ಅಂತ ಇತ್ತು. ನಮ್ಮ ಕಡೆ ಮೇಲಿನ ಮನೆ ಇಲ್ಲದ ಊರು ಯಾವುದು? ಕುಂಬಡಾಜೆಯಲ್ಲಿ ಒಂದು, ಬೇಳದಲ್ಲಿ ಒಂದು, ನೀರ್ಚಾಲಿನ ಹತ್ತಿರ ಇನ್ನೊಂದು. ಮೂವರೂ ನಮ್ಮ ಗಿರಾಕಿಗಳೇ.

21ರಿಂದ 27ರ ಒಳಗೆ ಅವನು 47 ಚೀಲ ಮಾರಿದ. ಒಳ್ಳೆಯ ವ್ಯಾಪಾರ ಅಂತ ಧಣಿಗಳು ಹೊಗಳಿದರಂತೆ. ಗೋಡೌನಿನಲ್ಲಿ 17 ಉಳಿಯಿತು.

28ಕ್ಕೆ ನೀರ್ಚಾಲಿನ ಒಬ್ಬ ನಿವೃತ್ತ ಮಾಷ್ಟ್ರು ಜೀಪು ತಂದರು. ನನ್ನ ಸಹಿಯ ಚೀಟಿ ತೋರಿಸಿದರು, 7 ಚೀಲ. ಅವನು ಕೊಟ್ಟ, ಪುಸ್ತಕದಲ್ಲಿ ಗೀಟು ಎಳೆದ. ಉಳಿದದ್ದು 10. 29ಕ್ಕೆ ಕುಂಬಡಾಜೆಯವರು ಬಂದು 6 ಒಯ್ದರು. ಉಳಿದದ್ದು 4. 30ಕ್ಕೆ ಬೇಳದವರು ಬಂದು 5 ಕೇಳಿದರು.

ಆಗ ಮಾತ್ರ ವಿಷಯ ಹೊರಗೆ ಬಂತು. ಇದನ್ನು ನಾನು ಒತ್ತಿ ಹೇಳುತ್ತೇನೆ: ತಪ್ಪು ನಡೆದದ್ದು 19ಕ್ಕೆ, ಕಂಡದ್ದು 30ಕ್ಕೆ. ನಡುವೆ ಬಂದ ಇಬ್ಬರು ಖುಷಿಯಿಂದಲೇ ಹೋಗಿದ್ದರು, ಹಾಗಾಗಿ ಎಲ್ಲಾ ಸರಿ ಇದೆ ಅಂತಲೇ ಅವನಿಗೆ ಅನಿಸಿತ್ತು. ಆವತ್ತು ಕೂತು ಮೂರು ಪುಟ ಕೂಡಿಸಿದಾಗ ಕೊಡಲಿಕ್ಕೆ ಬಾಕಿ 28, ಇದ್ದದ್ದು 4. ಕೊರತೆ 24 ಚೀಲ.

24 ಚೀಲ ಅಂದರೆ ಎಷ್ಟು ದೊಡ್ಡದು ಅಂತ ತೋಟ ಇಲ್ಲದವರಿಗೆ ಹೇಳುತ್ತೇನೆ. ಈ ಮದ್ದು ಅಂದರೆ ಶೇಕಡಾ ಒಂದರ ಬೋರ್ಡೋ ಮಿಶ್ರಣ, ಅದಕ್ಕೆ ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ. ಒಂದು ಚೀಲದಲ್ಲಿ 200 ಲೀಟರಿನ ಹನ್ನೆರಡೂವರೆ ಡ್ರಮ್ ಮದ್ದು ಆಗುತ್ತದೆ. 24 ಚೀಲಕ್ಕೆ 300 ಡ್ರಮ್. ಅಷ್ಟು ಮದ್ದು ಬೀಳಬೇಕಾದ ತೋಟಗಳು ಮಳೆಯ ಬಾಗಿಲಲ್ಲಿ ಖಾಲಿ ನಿಂತಿದ್ದವು.

ಬೇಳದವರು ಸಿಟ್ಟಲ್ಲೇನೂ ಮಾತಾಡಲಿಲ್ಲವಂತೆ. "ತಮ್ಮಾ, ನಾನು ದುಡ್ಡು ಕೊಟ್ಟದ್ದು ವಿಷು ಕಳೆದ ವಾರ. ನಾಳೆ ನಾಲ್ಕು ಜನ ಬರ್ತಾರೆ ಮದ್ದು ಬಿಡಲಿಕ್ಕೆ. ಅವರಿಗೆ ಈಗ ನಾನು ಏನು ಹೇಳಲಿ?" ಅಂತ ಮಾತ್ರ ಕೇಳಿದರಂತೆ. ಹುಡುಗ ಇದನ್ನು ನನಗೆ ಫೋನಿನಲ್ಲಿ ಹೇಳುವಾಗ ಅವನ ಸ್ವರ ನಡುಗುತ್ತಿತ್ತು. ಇದ್ದ 4 ಚೀಲ ಅವರಿಗೆ ಕೊಡು, ಒಂದು ಚೀಲ ನಾಡಿದ್ದು ಮನೆಗೇ ಮುಟ್ಟಿಸುತ್ತೇವೆ ಅಂತ ಹೇಳು ಅಂದೆ. ಅಲ್ಲಿಗೆ ಅವರದ್ದು ಹೇಗೋ ನಡೆಯಿತು.

ಉಳಿದ 24ನ್ನು ಮಂಗಳೂರಿನ ಸಗಟು ವ್ಯಾಪಾರಿಯಿಂದ ತರಿಸಿದೆವು. ಜೂನ್ 2ಕ್ಕೆ ಬಂತು. ಅಷ್ಟರಲ್ಲಿ ಚೀಲಕ್ಕೆ 350 ರೂಪಾಯಿ ಏರಿತ್ತು. ಗಿರಾಕಿಗಳಿಗೆ ಹಳೇ ದರವೇ, ಮಾತು ಕೊಟ್ಟದ್ದಲ್ವಾ? ಆದ್ದರಿಂದ 8,400 ರೂಪಾಯಿ ಅಂಗಡಿಯ ಮೇಲೆ ಬಿತ್ತು. ಅದಾದರೂ ಹೋಗಲಿ. ಒಬ್ಬರ ತೋಟಕ್ಕೆ 31ಕ್ಕೆ ಬರಬೇಕಾದ ಮದ್ದು ಬಿಡುವವರು, ಸಾಮಾನು ಇಲ್ಲ ಅಂತ ಗೊತ್ತಾದ ಕೂಡಲೇ ಬೇರೆ ತೋಟಕ್ಕೆ ಹೋದರು. ಮತ್ತೆ ಅವರು ಸಿಕ್ಕಿದ್ದು ಜೂನ್ 11ಕ್ಕೆ, ಮಳೆ ಬಿಟ್ಟ ಒಂದು ಹಗಲು ನೋಡಿ. ಆ ಮನೆಯ ಅಜ್ಜ ಮತ್ತೆ ನಮ್ಮಲ್ಲಿ ಮುಂಗಡ ಕಟ್ಟಲಿಲ್ಲ. ಅದು ನನಗೆ ಈಗಲೂ ಬೇಸರ.

ಎಣಿಕೆಯಲ್ಲಿ ಇದ್ದ ಸುಣ್ಣ, ಕೆಲಸದಲ್ಲಿ ಇಲ್ಲದ ಸುಣ್ಣ

ಇನ್ನೊಂದು ಸಾಲು ನೋಡಿ: "ಸುಣ್ಣ 38 ಚೀಲ". ಮೈಲುತುತ್ತನ್ನು ಒಣ ಜಾಗದಲ್ಲಿ ಇಟ್ಟರೆ ಕಳೆದ ವರ್ಷದ್ದೂ ಈ ವರ್ಷ ನಡೆಯುತ್ತದೆ. ಸುಣ್ಣ ಹಾಗಲ್ಲ. ಗಾಳಿಯ ತೇವ ಕುಡಿದು ಮೊದಲು ಹುಡಿಯಾಗುತ್ತದೆ, ಆಮೇಲೆ ನಿಧಾನಕ್ಕೆ ಸತ್ತ ಸುಣ್ಣ ಆಗುತ್ತದೆ, ಅಂದರೆ ಬರೀ ಸೀಮೆಸುಣ್ಣದ ಹುಡಿಯ ಹಾಗೆ. ನೋಡಲಿಕ್ಕೆ ಬೆಳ್ಳಗೆ, ತೂಕಕ್ಕೆ ಸರಿ, ಮದ್ದಿಗೆ ಪ್ರಯೋಜನ ಇಲ್ಲ. 38ರಲ್ಲಿ 14 ಹಿಂದಿನ ವರ್ಷದ್ದು, ಮೂಲೆಯಲ್ಲಿ ಉಳಿದದ್ದು. ನನಗೆ ಗೊತ್ತಿತ್ತು, ಅದನ್ನು ತೋಟದ ಬುಡಕ್ಕೆ ಹಾಕುವವರಿಗೆ ಕಡಿಮೆಗೆ ಕೊಡುವುದು ಅಂತ ಮನಸ್ಸಿನಲ್ಲಿ ಇಟ್ಟಿದ್ದೆ. ಇಮೇಲಿನಲ್ಲಿ ಬರಲಿಲ್ಲ.

ಅವನು ಬಾಗಿಲ ಹತ್ತಿರದ್ದು ಬಿಟ್ಟು ಮೂಲೆಯದ್ದನ್ನೇ ಮೊದಲು ಕೊಟ್ಟ. ಹಳೇದು ಮೊದಲು ಹೋಗಲಿ ಅಂತ. ಬೇರೆ ಯಾವ ಸಾಮಾನಿಗೂ ಅದು ಸರಿಯಾದ ಕ್ರಮವೇ. ನಾಲ್ಕು ಚೀಲ ಹೋದ ಮೇಲೆ ಏಳ್ಕಾನದ ಕಡೆಯ ಒಬ್ಬರು ತಿರುಗಿ ಬಂದರು. ಅವರು ಅನುಭವಸ್ಥರು, ಮದ್ದು ಮಾಡಿದ ಕೂಡಲೇ ಕತ್ತಿಯ ಬಾಯಿ ಅದ್ದಿ ನೋಡಿದ್ದಾರೆ. ಕಬ್ಬಿಣದ ಮೇಲೆ ಕೆಂಪು ಕೂತಿದೆ. ಸುಣ್ಣ ಸಾಲದೆ ಮೈಲುತುತ್ತಿನ ತಾಮ್ರ ಬಿಡಿಯಾಗಿ ಉಳಿದಿದೆ ಅಂತ ಅದರ ಅರ್ಥ. ಹಾಗೇ ಬಿಟ್ಟರೆ ಎಳೆ ಅಡಿಕೆ ಸುಡುತ್ತದೆ. ಕೆಂಪು ಹೋಗುವ ತನಕ ಸುಣ್ಣದ ನೀರು ಸೇರಿಸುವುದು ವಾಡಿಕೆ, ಆದರೆ ಅವರು ಎಷ್ಟು ಸೇರಿಸಿದರೂ ಕೆಂಪು ಹೋಗಲಿಲ್ಲ.

ಅಂಗಡಿಯಲ್ಲೇ ಇದನ್ನು ನೋಡಲು ಕಷ್ಟ ಇಲ್ಲ. ಹೊಸ ಸುಟ್ಟ ಸುಣ್ಣಕ್ಕೆ ನೀರು ಹಾಕಿದರೆ ಬಿಸಿಯಾಗಿ ಕುದಿಯುತ್ತದೆ, ಸತ್ತದ್ದು ಸುಮ್ನೆ ಒದ್ದೆಯಾಗುತ್ತದೆ. ಹುಡಿಯ ಮೇಲೆ ಲಿಂಬೆಹುಳಿ ನಾಲ್ಕು ಹನಿ ಬಿಟ್ಟರೆ ಸತ್ತ ಸುಣ್ಣ ಬುರುಬುರು ನೊರೆ ಬರುತ್ತದೆ. ಇಷ್ಟು ಎರಡು ಸಾಲು ನಾನು ಬರೆದಿದ್ದರೆ ಸಾಕಿತ್ತು. "38" ಅನ್ನುವ ಬದಲು "24 ಈ ವರ್ಷದ್ದು, ಬಾಗಿಲ ಬದಿ. 14 ಹಳೇದು, ಮದ್ದಿಗೆ ಕೊಡಬೇಡ" ಅಂತ.

ಗೊಂಚಲಿನಲ್ಲಿ ಇಲ್ಲದ ಎಂಟನೇ ಕೀಲಿ

ಕೀಲಿಯ ಪಟ್ಟಿ ನನಗೆ ತುಂಬಾ ಅಚ್ಚುಕಟ್ಟು ಅನಿಸಿತ್ತು. ಏಳು ಬೀಗದ ಕೈ, ಯಾವುದು ಯಾವುದಕ್ಕೆ ಅಂತ ಹೆಸರು. ಆದರೆ ಗೋಡೌನಿಗೆ ಇನ್ನೊಂದು ಕೈ ಇತ್ತು, ಲೋಡಿಂಗಿನವರ ಮೇಸ್ತ್ರಿಯ ಹತ್ತಿರ. ಗೊಬ್ಬರದ ಲಾರಿ ಕೆಲವೊಮ್ಮೆ ಬೆಳಗ್ಗೆ ಐದಕ್ಕೇ ಬರುತ್ತದೆ, ಅಷ್ಟು ಹೊತ್ತಿಗೆ ನಾನು ಬಂದು ಮುಟ್ಟುವುದಿಲ್ಲ, ಅವರೇ ತೆರೆದು ಇಳಿಸಿ ಬೀಗ ಹಾಕಿ ಹೋಗುತ್ತಿದ್ದರು. ಎಂಟು ವರ್ಷದಿಂದ ಹಾಗೇ ನಡೆದು ನನಗೆ ಅದು ಕೀಲಿ ಅಂತಲೇ ನೆನಪಿಗೆ ಬರಲಿಲ್ಲ.

ಹೊಸ ಹುಡುಗ 23ಕ್ಕೆ ಗೋಡೌನಿನ ಬೀಗ ಬದಲಿಸಿದ. ಮಾಡಬೇಕಾದ್ದೇ. ಹೊಣೆ ತನ್ನ ಮೇಲೆ ಬಂದಾಗ ಬೀಗ ಬದಲಿಸುವವನನ್ನು ನಾನು ಮೆಚ್ಚುತ್ತೇನೆ. 26ರ ಬೆಳಗ್ಗೆ ಯೂರಿಯಾ ಲಾರಿ ಬಂತು. ಮೇಸ್ತ್ರಿಯ ಕೈಯಲ್ಲಿದ್ದ ಕೀಲಿ ಬೀಗಕ್ಕೆ ಕೂರಲಿಲ್ಲ. ಅವರ ಹತ್ತಿರ ಹೊಸ ಮ್ಯಾನೇಜರ್ ನಂಬರ್ ಇಲ್ಲ, ನನಗೆ ಮಾಡಿದ ಫೋನು ನಾನು ಏಳುವ ಮೊದಲು ಬಂದದ್ದು. ಲಾರಿಯವನಿಗೆ ಕಾಯಲು ಪುರಸೊತ್ತಿಲ್ಲ. 120 ಚೀಲ ಜಗಲಿಯಲ್ಲಿ ಇಳಿಸಿ ಟಾರ್ಪಾಲು ಹೊದೆಸಿ ಹೋದರು. ಆರೂವರೆಗೆ ಒಂದು ಮಳೆ, ಗಾಳಿ ಸಮೇತ. ಕೆಳಗಿನ ಸಾಲಿನ 9 ಚೀಲದ ಒಳಗೆ ನೀರು ಹೋಗಿ ಯೂರಿಯಾ ಕಲ್ಲಾಯಿತು.

ನನ್ನ ಇಮೇಲಿನಲ್ಲಿ ಯೂರಿಯಾ ಬರುವ ವಿಷಯ ಇತ್ತು, ಗೋಡೌನ್ ಕೀಲಿಯ ವಿಷಯವೂ ಇತ್ತು. ಎರಡನ್ನೂ ಕಟ್ಟುವ ಒಂದು ಸಾಲು ಇರಲಿಲ್ಲ: ಲಾರಿ ಬೆಳಗ್ಗೆ ಬರುತ್ತದೆ, ತೆರೆಯುವವರು ಲೋಡಿಂಗ್ ಮೇಸ್ತ್ರಿ, ಬೀಗ ಬದಲಿಸಿದರೆ ಅವರಿಗೊಂದು ಕೊಡು.

ಒಂಬತ್ತನೇ ಕೀಲಿ ಇನ್ನೂ ವಿಚಿತ್ರ, ಅದು ನನ್ನ ಬೆರಳು. ಸಬ್ಸಿಡಿ ಗೊಬ್ಬರವನ್ನು ಈಗ ಪಿಒಎಸ್ ಯಂತ್ರದಲ್ಲಿ ಬರೆದೇ ಮಾರಬೇಕು, 2018ರ ಹೊತ್ತಿಗೆ ದೇಶ ಇಡೀ ಈ ಕ್ರಮ ಬಂದಿದೆ. ಲಾರಿಯಲ್ಲಿ ಬಂದ ಗೊಬ್ಬರ ಬಂತು ಅಂತ ಯಂತ್ರದಲ್ಲಿ ಒಪ್ಪಿಕೊಂಡರೆ ಮಾತ್ರ ಅದು ನಮ್ಮ ಸ್ಟಾಕಿಗೆ ಏರುವುದು, ಆಮೇಲೆ ಕೊಳ್ಳುವವರ ಆಧಾರ್ ನೋಡಿ ಬಿಲ್ಲು. ನಮ್ಮ ಯಂತ್ರ ತೆರೆಯುತ್ತಿದ್ದದ್ದು ನನ್ನ ಹೆಬ್ಬೆರಳಿಗೆ. ಬೆರಳನ್ನು ಗೊಂಚಲಿಗೆ ಹಾಕಿ ಕೊಡಲು ಆಗುವುದಿಲ್ಲವಲ್ಲ. ಹೊಸಬನ ಹೆಸರು ಸೇರಿಸಲು ಅರ್ಜಿ ಕೊಡಬೇಕಾದ್ದು ನಾನು ಹೋಗುವ ಎರಡು ವಾರ ಮೊದಲು. ಕೊಟ್ಟದ್ದು ಹೋದ ಮೇಲೆ. ಹಾಗಾಗಿ ಯೂರಿಯಾ ಗೋಡೌನಿನಲ್ಲಿ ಇದ್ದೂ ಹಲವು ದಿನ ಮಾರುವ ಹಾಗಿರಲಿಲ್ಲ. ನಾನು ಒಂದು ಆದಿತ್ಯವಾರ ಬಂದಾಗ, ನೀವೇ ಬೆರಳು ಒತ್ತಿ ಹೋಗಿ ಅಣ್ಣಾ ಅಂತ ಅವನು ಕೇಳಿದ. ನಾನು ಒತ್ತಲಿಲ್ಲ. ಕೆಲಸ ಬಿಟ್ಟವನ ಬೆರಳಲ್ಲಿ ಬಿಲ್ಲು ಹೋದರೆ ನಾಳೆ ಲೆಕ್ಕ ತಪ್ಪಿದಾಗ ಅವನಿಗೂ ಉತ್ತರ ಇರುವುದಿಲ್ಲ, ನನಗೂ ಇರುವುದಿಲ್ಲ. ಜಿಎಸ್‌ಟಿಯ ಒಟಿಪಿ ನನ್ನ ಮೊಬೈಲಿಗೆ ಬರುತ್ತಿದ್ದದ್ದೂ ಇದೇ ಜಾತಿಯ ಕೀಲಿ. ಅದನ್ನು ಮಾತ್ರ ಅವತ್ತೇ ಧಣಿಗಳ ನಂಬರಿಗೆ ಬದಲಿಸಲು ಶುರು ಮಾಡಿದೆವು.

ವಿಷದ ಕಪಾಟಿನ ಕೀಲಿ ಬಗ್ಗೆಯೂ ಒಂದು ಮಾತು. ಎಂಡೋಸಲ್ಫಾನಿನ ನೋವು ಕಂಡ ಜಿಲ್ಲೆ ನಮ್ಮದು, ಎಣ್ಮಕಜೆ ನಮ್ಮ ಅಂಗಡಿಗೆ ದೂರವೇನಲ್ಲ. ಇಲ್ಲಿ ಆ ಕಪಾಟನ್ನು ಬರೀ "1 ಕೀಲಿ" ಅಂತ ಬರೆದು ಕೊಡುವುದು ಸರಿಯಲ್ಲ ಅಂತ ನನಗೆ ಆಮೇಲೆ ತುಂಬಾ ಅನಿಸಿತು. ಒಳಗೆ ಯಾವ ಬಾಟಲಿ ಎಷ್ಟು, ಯಾವುದರ ಅವಧಿ ಯಾವಾಗ ಮುಗಿಯುತ್ತದೆ, ಮುಗಿದದ್ದನ್ನು ಬೇರೆ ತಟ್ಟಿನಲ್ಲಿ ಮಾರಾಟಕ್ಕಲ್ಲ ಅಂತ ಚೀಟಿ ಅಂಟಿಸಿ ಇಟ್ಟದ್ದು, ಇದೆಲ್ಲ ಕೀಲಿಯ ಸಾಲಿನಲ್ಲೇ ಬರಬೇಕು.

ಎರಡನೇ ಇಮೇಲ್

ಆ ಆದಿತ್ಯವಾರ ಬೆಳಗ್ಗಿನ ಬಸ್ಸಿಗೆ ಹೋಗಿ ಸಂಜೆಯ ತನಕ ಕೂತು ಮತ್ತೆ ಮಾಡಿದೆವು. ಈ ಸಲ ಸ್ಟಾಕಿನಿಂದ ಶುರು ಮಾಡಲಿಲ್ಲ, ಬಾಕಿ ಆರ್ಡರಿನಿಂದ ಶುರು ಮಾಡಿದೆವು. ಯಾಕೆಂದರೆ ಸ್ಟಾಕಿನ ಅಂಕೆಗೆ ಅರ್ಥ ಬರುವುದು, ಅದರಲ್ಲಿ ಬೇರೆಯವರದ್ದು ಎಷ್ಟು ಅಂತ ಗೊತ್ತಾದ ಮೇಲೆಯೇ. ಆರ್ಡರನ್ನು ಎರಡು ಭಾಗ ಮಾಡಿದೆವು, ನಾವು ಕೊಡಬೇಕಾದ್ದು ಒಂದು, ನಮಗೆ ಬರಬೇಕಾದ್ದು ಒಂದು. ಮೊದಲ ಇಮೇಲಿನಲ್ಲಿ ಎರಡೂ ಒಂದೇ ತಲೆಬರಹದ ಕೆಳಗೆ ಇದ್ದವು. ಒಂದು ಸಾಲ, ಒಂದು ಬರವು. ಅಕ್ಕಪಕ್ಕ ಇಡುವ ಸಾಮಾನೇ ಅಲ್ಲ.

ಎಣಿಸುವ ಕೆಲಸ ಅವನಿಂದಲೇ ಮಾಡಿಸಿದೆ, ನನ್ನ ಅಂಕೆ ಹೇಳದೆ. ಎದುರಿಗೆ 22 ಅಂತ ಬರೆದದ್ದು ಕಂಡರೆ ಕಣ್ಣು 22ನ್ನೇ ಎಣಿಸುತ್ತದೆ, ಇದು ನನ್ನ ಅನುಭವ. ಹಾಗೆ ಎಣಿಸಿದ್ದರಿಂದಲೇ ಪೊಟ್ಯಾಶಿನ ಗುಟ್ಟು ಹೊರಬಿತ್ತು. ಯಂತ್ರ ತೆರೆಯದೆ ಅವನು ಒಂದೂ ಮಾರಿರಲಿಲ್ಲ, ನನ್ನ ಲೆಕ್ಕದಂತೆ 22 ಇರಬೇಕು, ಇದ್ದದ್ದೂ 22. ಸರಿ ಇದೆ ಅಂತ ಮುಂದೆ ಹೋಗುವಷ್ಟರಲ್ಲಿ ನನಗೆ ನೆನಪಾಯಿತು, ಅದರಲ್ಲಿ 5 ಪಕ್ಕದ ಅಂಗಡಿಯಿಂದ ಕೈಗಡ ತಂದದ್ದು, ವಾಪಸು ಕೊಡಬೇಕು. ಕೈಗಡ ಯಾವ ಪುಸ್ತಕದಲ್ಲೂ ಇರುವುದಿಲ್ಲ. ಅದು ಇಬ್ಬರು ಮ್ಯಾನೇಜರುಗಳ ನಡುವಿನ ಬಾಯಿಮಾತು, ಒಬ್ಬ ಹೋದರೆ ಮಾತೂ ಹೋಗುತ್ತದೆ.

ಆಮೇಲೆ ಬರೆದ ಇಮೇಲಿನ ಕೆಲವು ಸಾಲು ಇಲ್ಲಿ ಕೊಡುತ್ತೇನೆ. ಮೈಲುತುತ್ತಿನ ಮೊದಲ ಎರಡು ಸಾಲು ಮಾತ್ರ, ಮೇ 19ಕ್ಕೇ ಹೀಗೆ ಬರೆದಿದ್ದರೆ ಹೇಗಿರುತ್ತಿತ್ತು ಅಂತ ತೋರಿಸಲು ಅಂದಿನ ಅಂಕೆ ಹಾಕಿದ್ದೇನೆ:

> ಮೈಲುತುತ್ತು 25 ಕೆಜಿ: ಎಣಿಸಿದ್ದು 64. ಬೇರೆಯವರದ್ದು 41. ನೀನು ಮಾರಬಹುದಾದ್ದು 23. ಈ 41 ಚೀಲ ಎಡಗೋಡೆಗೆ ಬೇರೆ ಸಾಲಿನಲ್ಲಿ ಇದೆ, ಮೇಲೆ ಮನೆಹೆಸರಿನ ಚೀಟಿ ಇದೆ.
>
> ನಾವು ಕೊಡಬೇಕಾದ್ದು: ಕುಂಬಡಾಜೆ ಮೇಲಿನ ಮನೆ (ಶಾಲೆಯ ಹಿಂದಿನವರು, ಬೇಳದ ಮೇಲಿನ ಮನೆ ಅಲ್ಲ), 6 ಚೀಲ, ಪೂರ್ತಿ ಪಾವತಿ, ಏಪ್ರಿಲ್ ದರ. ಒಯ್ಯುವುದು ಸಾಧಾರಣ ಮೇ ಕೊನೆಗೆ. ಚೀಟಿ ನನ್ನ ಸಹಿಯದ್ದು.
>
> ಪೊಟ್ಯಾಶ್: ಎಣಿಸಿದ್ದು 22. ಪಕ್ಕದ ಅಂಗಡಿಗೆ ವಾಪಸು 5. ಮಾರಬಹುದಾದ್ದು 17.
>
> ಗೋಡೌನ್ ಬೀಗ: ಕೈ ಎರಡು. ಒಂದು ನಿನ್ನಲ್ಲಿ, ಒಂದು ಲೋಡಿಂಗ್ ಮೇಸ್ತ್ರಿಯಲ್ಲಿ. ಲಾರಿ ಬೆಳಗ್ಗೆ 5ಕ್ಕೆ ಬಂದರೆ ಅವರೇ ತೆರೆಯುವುದು. ಬೀಗ ಬದಲಿಸಿದ ದಿನವೇ ಅವರಿಗೆ ಹೊಸದು ಕೊಡು, ಅವರ ಹತ್ತಿರ ನಿನ್ನ ನಂಬರ್ ಇದೆಯಾ ನೋಡು.
>
> ಪಿಒಎಸ್ ಯಂತ್ರ: ಈಗ ನನ್ನ ಬೆರಳು. ನಿನ್ನದು ಸೇರುವ ತನಕ ಸಬ್ಸಿಡಿ ಗೊಬ್ಬರ ಮಾರಬೇಡ. ಸೇರಿದ ದಿನ ಯಂತ್ರದ ಸ್ಟಾಕ್ ಮತ್ತು ನೆಲದ ಸ್ಟಾಕ್ ಎರಡೂ ಎಣಿಸಿ ನನಗೂ ಧಣಿಗಳಿಗೂ ಬರೆ.

ಮೊದಲ ಇಮೇಲಿಗೆ ಅವನು "ಓಕೆ ಅಣ್ಣಾ" ಅಂತ ಉತ್ತರ ಕೊಟ್ಟಿದ್ದ. ಎರಡನೆಯದಕ್ಕೆ ಓಕೆ ಬೇಡ ಅಂದೆ. ನೀನು ಎಣಿಸಿದ ಅಂಕೆಯನ್ನೇ ಬರೆದು ಕಳಿಸು, ನನ್ನದಕ್ಕೆ ತಾಳೆಯಾಗದ ಕಡೆ ಗೀಟು ಹಾಕು ಅಂದೆ. ಆರು ಕಡೆ ಗೀಟು ಬಂತು. ನಾಲ್ಕು ಸಣ್ಣದು, ನಳಿಗೆ, ವಾಷರ್ ಅಂಥದ್ದು. ಒಂದರಲ್ಲಿ ಅವನು ತಪ್ಪಿದ್ದ, ಒಂದರಲ್ಲಿ ನಾನು. ಎಲ್ಲಾ ಅವತ್ತೇ ಮುಗಿಯಿತು, ಯಾಕೆಂದರೆ ಇಬ್ಬರೂ ಗೋಡೌನಿನಲ್ಲೇ ನಿಂತಿದ್ದೆವು. ರಾತ್ರಿ ಹನ್ನೊಂದಕ್ಕೆ ಕಳಿಸಿದ ಇಮೇಲಿಗೆ ಪ್ರಶ್ನೆ ಹುಟ್ಟುವುದು ಮರುದಿನ ಬೆಳಗ್ಗೆ, ಆ ಹೊತ್ತಿಗೆ ಬರೆದವನು ಬಸ್ಸಿನಲ್ಲಿ ಇರುತ್ತಾನೆ. ಹೀಗಾಗಿ ಪಟ್ಟಿ ಕಡೇ ದಿನದ್ದಾಗಿರಬಾರದು. ನಾಲ್ಕೈದು ದಿನ ಮೊದಲೇ ಕೊಟ್ಟು, ಆ ದಿನಗಳಲ್ಲಿ ಗಲ್ಲಾಪೆಟ್ಟಿಗೆಯ ಮುಂದೆ ಹೊಸಬನನ್ನು ಕೂರಿಸಿ ಹಳಬ ಪಕ್ಕದಲ್ಲಿ ನಿಂತರೆ, ಪಟ್ಟಿಯಲ್ಲಿ ಇಲ್ಲದ್ದು ಗಿರಾಕಿಗಳ ಬಾಯಿಂದಲೇ ಬರುತ್ತದೆ. ಮಾಷ್ಟ್ರು ಪೇಪರ್ ಓದಲು ಬಂದಾಗ, "ನನ್ನ ಏಳು ಚೀಲ ಉಂಟಲ್ಲಾ?" ಅಂತ ಕೇಳಿಯೇ ಕೇಳುತ್ತಿದ್ದರು.

ಇಷ್ಟು ಮಾಡಿದರೂ ಇಮೇಲಿನಲ್ಲಿ ಕೂರದ ವಿಷಯ ಕೆಲವು ಇವೆ. ಯಾರಿಗೆ ಸಾಲ ಕೊಡಬಹುದು, ಯಾರಿಗೆ ಕೊಟ್ಟರೆ ಅಡಿಕೆ ಮಾರಿದ ಮೇಲೆ ತಾನಾಗಿ ತಂದು ಕೊಡುತ್ತಾರೆ, ಇದನ್ನು ನಾನು ಬರೆಯಲಿಲ್ಲ. ಧಣಿಗಳ ಎದುರು ಕೂತು ಬಾಯಲ್ಲೇ ಹೇಳಿದೆ. ಒಬ್ಬರ ಕಷ್ಟ ಇನ್ನೊಬ್ಬರ ಇನ್‌ಬಾಕ್ಸಿನಲ್ಲಿ ವರ್ಷಗಟ್ಟಲೆ ಬಿದ್ದಿರುವುದು ನನಗೆ ಸರಿ ಕಾಣಲಿಲ್ಲ.

ಮುಂಗಡ ಕೊಟ್ಟವರಲ್ಲಿ ಒಬ್ಬರು ಮಾತ್ರ ಆ ವರ್ಷ ಬರಲೇ ಇಲ್ಲ. ಎರಡು ಚೀಲಕ್ಕೆ ಸ್ವಲ್ಪ ದುಡ್ಡು ಕೊಟ್ಟಿದ್ದರು, ಪುಸ್ತಕದಲ್ಲಿ ನಾನು ಬರೆದದ್ದು "ಬಾವಿಕಟ್ಟೆ ಅಣ್ಣ" ಅಂತ, ಊರಿಲ್ಲ, ನಂಬರಿಲ್ಲ. ಯಾವ ಬಾವಿಕಟ್ಟೆ ಅಂತ ನನಗೂ ನೆನಪಿಗೆ ಬರಲಿಲ್ಲ. ಹುಡುಗ ಮರುವರ್ಷವೂ ಎಡಗೋಡೆಯ ಸಾಲಿನಲ್ಲಿ ಎರಡು ಚೀಲದ ಮೇಲೆ ಅದೇ ಹೆಸರಿನ ಚೀಟಿ ಅಂಟಿಸಿ ಇಟ್ಟಿದ್ದಾನೆ, ಎಣಿಸಿದ್ದರಿಂದ ಕಳೆದೇ ಮಾರುತ್ತಿದ್ದಾನೆ. ನಾನು ಆ ಕಡೆ ಹೋದಾಗಲೆಲ್ಲ ಮೊದಲು ಅದನ್ನೇ ಕೇಳುತ್ತೇನೆ, ಬಂದರಾ ಅಂತ.